300, 1200, ನಡುವೆ ಒಂದು ಕುಣಿಕೆ

ಹಂಪಸಾಗರದ ಕಡೆಯ ವಿದ್ಯಾರ್ಥಿನಿಯೊಬ್ಬಳು, ಎಂಬಿಬಿಎಸ್ ಮೊದಲ ವರ್ಷದವಳು, ಒಂದು ಪ್ರಶ್ನೆ ಕಳಿಸಿದ್ದಾಳೆ. "ಹೆನ್ಲೆಯ ಕುಣಿಕೆಯ ಚಿತ್ರ ಬಿಡಿಸೋಕೆ ಬರುತ್ತೆ ಸರ್. ಮೇಲೆ 300, ತುದೀಲಿ 1200 ಅಂತ ಬರೀತೀವಿ. ಆದ್ರೆ ಅಲ್ಲಿರೋ ಪಂಪಿಗೆ 200ರಷ್ಟು ವ್ಯತ್ಯಾಸ ಮಾತ್ರ ಮಾಡೋಕೆ ಆಗೋದು ಅಂತಾನೂ ಪುಸ್ತಕದಲ್ಲೇ ಇದೆ. ಹಂಗಾದ್ರೆ 1200 ಎಲ್ಲಿಂದ ಬಂತು?"

ಪ್ರಶ್ನೆ ಚಿಕ್ಕದು, ಆದರೆ ಶರೀರಕ್ರಿಯಾಶಾಸ್ತ್ರದವರನ್ನು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಕಾಡಿದ್ದು ಇದೇ. ಹತ್ತು ಅಂಕದ ಉತ್ತರ ಬರೆಯುವವರಲ್ಲಿ ಹೆಚ್ಚಿನವರು ಇದನ್ನು ಕೇಳಿಕೊಳ್ಳುವುದೇ ಇಲ್ಲ; ಅಂಕಿಗಳನ್ನು ಬಾಯಿಪಾಠ ಮಾಡಿ ಚಿತ್ರದಲ್ಲಿ ತುಂಬಿ ಮುಂದೆ ಹೋಗುತ್ತಾರೆ.

ಮೊದಲು 1200 ಯಾಕೆ ಬೇಕು ಎನ್ನುವುದನ್ನು ನೋಡೋಣ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಕೂಡ್ಲಿಗಿ ಕಡೆಯ ಹೊಲದಲ್ಲಿ ಕೂಲಿ ಮಾಡುವವನೊಬ್ಬನನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಉಂಡ ಅನ್ನ, ರೊಟ್ಟಿ, ಉಪ್ಪಿನಿಂದ ಅವನ ದೇಹದಲ್ಲಿ ದಿನಕ್ಕೆ ಸುಮಾರು 600 ಮಿಲಿಆಸ್ಮೋಲ್‌ನಷ್ಟು ಯೂರಿಯಾ, ಲವಣಗಳು ಉಳಿಯುತ್ತವೆ. ಅವು ಹೊರಗೆ ಹೋಗಲೇಬೇಕು, ಹೋಗುವುದಕ್ಕೆ ನೀರು ಬೇಕು. ಕಿಡ್ನಿಗೆ ರಕ್ತದಷ್ಟೇ ಸಾಂದ್ರತೆಯ, ಅಂದರೆ ಲೀಟರಿಗೆ 300ರ ಮೂತ್ರ ಮಾಡಲು ಮಾತ್ರ ಬರುತ್ತಿದ್ದರೆ, ಅವನು ನೀರು ಕುಡಿದರೂ ಬಿಟ್ಟರೂ ಎರಡು ಲೀಟರ್ ಕಳೆದುಕೊಳ್ಳಬೇಕಾಗಿತ್ತು. 1200ರ ಮೂತ್ರ ಮಾಡಲು ಬರುವುದರಿಂದ ಅರ್ಧ ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಬೆವರಿನಲ್ಲಿ ಹೋಗುವ ನೀರಿಗೆ ಕಿಡ್ನಿ ಏನೂ ಮಾಡಲಾರದು. ಅದರ ಕೈಯಲ್ಲಿರುವುದು ಈ ಒಂದೂವರೆ ಲೀಟರಿನ ಉಳಿತಾಯ.

ಇನ್ನು ಪ್ರಶ್ನೆಗೆ ಬರೋಣ. ಬೇಸಿಗೆಯಲ್ಲಿ ಕೆರೆ ಹೂಳೆತ್ತುವುದನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಕೆರೆಯಂಗಳದಿಂದ ಏರಿಯ ನೆತ್ತಿಯವರೆಗೆ ಇಳಿಜಾರಿನಲ್ಲಿ ಜನ ಸಾಲಾಗಿ ನಿಲ್ಲುತ್ತಾರೆ. ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ಹೋಗುತ್ತದೆ. ಒಬ್ಬೊಬ್ಬರೂ ಎತ್ತುವುದು ಎರಡು ಅಡಿ ಮಾತ್ರ, ಅದಕ್ಕಿಂತ ಹೆಚ್ಚಿಗೆ ಎತ್ತುವ ಶಕ್ತಿ ಯಾರಿಗೂ ಬೇಕಿಲ್ಲ. ಆದರೂ ಬುಟ್ಟಿ ಮೂವತ್ತು ಅಡಿ ಮೇಲೆ ಹೋಗಿ ಬೀಳುತ್ತದೆ. ಎತ್ತರ ಬಂದದ್ದು ಯಾರೋ ಒಬ್ಬನ ರಟ್ಟೆಯಿಂದಲ್ಲ, ಸಾಲಿನ ಉದ್ದದಿಂದ. ಏರಿ ಇನ್ನೂ ಎತ್ತರವಿದ್ದರೆ ಪೈಲ್ವಾನರನ್ನು ಕರೆಸುವುದಿಲ್ಲ, ಸಾಲಿಗೆ ಇನ್ನಷ್ಟು ಜನರನ್ನು ಸೇರಿಸುತ್ತಾರೆ. ಹೆನ್ಲೆಯ ಕುಣಿಕೆಯ ಏರುನಾಳದ ಗೋಡೆಯುದ್ದಕ್ಕೂ ಇರುವ ಪಂಪುಗಳು ಈ ಸಾಲಿನ ಆಳುಗಳು. ಒಂದೊಂದರ ಶಕ್ತಿ 200, ಸಾಲಿನ ಒಟ್ಟು ಸಾಧನೆ 1200.

ಹೋಲಿಕೆ ಇಲ್ಲಿಗೆ ಸಾಕು, ಯಾಕೆಂದರೆ ಒಂದು ಕಡೆ ಅದು ಹೊಂದುವುದಿಲ್ಲ. ಕೆರೆಯಲ್ಲಿ ಬುಟ್ಟಿಯೇ ಮೇಲೇರುತ್ತದೆ. ಕಿಡ್ನಿಯಲ್ಲಿ ಪಂಪು ಉಪ್ಪನ್ನು ಪಕ್ಕಕ್ಕೆ ದಾಟಿಸುತ್ತದೆ ಅಷ್ಟೆ, ಉದ್ದಕ್ಕೆ ಸಾಗಿಸುವುದು ನಾಳದಲ್ಲಿ ಹರಿಯುವ ದ್ರವ. ಹರಿವು ನಿಂತರೆ 200ರ ಆಚೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಅದನ್ನು ಅಂಕಿಯಲ್ಲೇ ಮಾಡಿ ನೋಡಬಹುದು. ಎರಡು ನಿಯಮ ನೆನಪಿರಲಿ. ಇಳಿನಾಳದ ಗೋಡೆ ನೀರನ್ನು ಬಿಡುತ್ತದೆ, ಹಾಗಾಗಿ ಅದರೊಳಗಿನ ದ್ರವ ಹೊರಗಿನ ಅಂತರಾಳದ ಸಾಂದ್ರತೆಗೆ ಬೇಗ ಸಮವಾಗುತ್ತದೆ. ಏರುನಾಳದ ಗೋಡೆ ನೀರನ್ನು ಬಿಡುವುದೇ ಇಲ್ಲ. ಅದರ ದಪ್ಪ ಭಾಗ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್‌ಗಳನ್ನು ಮಾತ್ರ ಹೊರಗೆ ಸಾಗಿಸುತ್ತದೆ.

ಮೊದಲು ಎಲ್ಲ ಕಡೆ 300. ಪಂಪು ಕೆಲಸ ಮಾಡಿತು. ಏರುನಾಳ 200ಕ್ಕೆ ಇಳಿಯಿತು, ಅಂತರಾಳ 400ಕ್ಕೆ ಏರಿತು, ಇಳಿನಾಳವೂ ಅದರ ಜೊತೆಗೆ 400 ಆಯಿತು. ಪಂಪಿನ ಮಿತಿ ಮುಗಿಯಿತು. ಈಗ ಹರಿವು. ಮೇಲಿನಿಂದ ಹೊಸದಾಗಿ 300ರ ದ್ರವ ಇಳಿನಾಳಕ್ಕೆ ಬಂತು, ಅಲ್ಲಿದ್ದ 400ರ ದ್ರವವನ್ನು ಕೆಳಗೆ ತಳ್ಳಿತು, ಅದರಲ್ಲಿ ಅರ್ಧ ಬಾಗು ದಾಟಿ ಏರುನಾಳದ ಕೆಳಭಾಗಕ್ಕೆ ಹೋಯಿತು. ಅಂದರೆ ಕುಣಿಕೆಯ ಕೆಳಗಿನ ಅರ್ಧದಲ್ಲಿ ಆಚೆ ಈಚೆ ಎರಡೂ ನಾಳದಲ್ಲಿ ಈಗ 400. ಮೇಲಿನ ಅರ್ಧದಲ್ಲಿ ಇಳಿನಾಳ 300, ಏರುನಾಳ 200. ಪಂಪು ಮತ್ತೆ ಶುರು. ಕೆಳಗಡೆ 400 ಮತ್ತು 400 ಇದ್ದದ್ದು 500 ಮತ್ತು 300 ಆಗುತ್ತದೆ. ಮೇಲ್ಗಡೆ 300 ಮತ್ತು 200 ಇದ್ದದ್ದು 350 ಮತ್ತು 150 ಆಗುತ್ತದೆ. ಎದುರುಬದುರು ವ್ಯತ್ಯಾಸ ಎಲ್ಲ ಕಡೆಯೂ 200ನ್ನು ಮೀರಿಲ್ಲ. ಆದರೆ ಎರಡೇ ಸುತ್ತಿಗೆ ಮೇಲಿನ 350ಕ್ಕೂ ಕೆಳಗಿನ 500ಕ್ಕೂ ನಡುವೆ ಹೊಸದೊಂದು ಏರಿಳಿತ ಹುಟ್ಟಿಕೊಂಡಿದೆ. ಇದನ್ನೇ ಮುಂದುವರಿಸಿದರೆ ತುದಿಯ ಅಂಕಿ ಏರುತ್ತಲೇ ಹೋಗುತ್ತದೆ. ಜೀವಂತ ಕಿಡ್ನಿಯಲ್ಲಿ ಈ ಸುತ್ತುಗಳು ಬೇರೆ ಬೇರೆಯಾಗಿ ನಡೆಯುವುದಿಲ್ಲ, ಪಂಪು ಮತ್ತು ಹರಿವು ಒಟ್ಟಿಗೇ ಇರುತ್ತವೆ. ಕೊನೆಗೆ ನೆಲೆಗೊಳ್ಳುವ ಚಿತ್ರ ಇದು. ಪರೀಕ್ಷೆಯಲ್ಲಿ ಬರೆಯಬೇಕಾದದ್ದೂ ಇದೇ.

```
          ಇಳಿನಾಳ   ಅಂತರಾಳ   ಏರುನಾಳ   ಸಂಗ್ರಾಹಕ ನಾಳ

ಕಾರ್ಟೆಕ್ಸ್    300 ↓     300      100 ↑       300 ↓
- - - - - - - - - - - - - - - - - - - - - - - - -
ಮೆಡುಲಾ     600 ↓     600      400 ↑       600 ↓
           900 ↓     900      700 ↑       900 ↓
ತುದಿ       1200 →   1200  →  1000 ↑      1200 ↓ ಮೂತ್ರ
```

ಚಿತ್ರವನ್ನು ಅಡ್ಡಕ್ಕೆ ಓದಿ: ಯಾವ ಸಾಲಿನಲ್ಲೂ ಏರುನಾಳಕ್ಕೂ ಅಂತರಾಳಕ್ಕೂ ವ್ಯತ್ಯಾಸ 200. ಉದ್ದಕ್ಕೆ ಓದಿ: 300ರಿಂದ 1200. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಈ ಎರಡು ಓದಿನಲ್ಲೇ ಇದೆ.

ಯಾಕೋಬ್ ಹೆನ್ಲೆ ಈ ಕುಣಿಕೆಯನ್ನು ವರ್ಣಿಸಿದ್ದು 1862ರಲ್ಲಿ. ಅದು ಯಾತಕ್ಕಿದೆ ಎಂದು ಸರಿಯಾಗಿ ಊಹಿಸಲು ಎಂಬತ್ತು ವರ್ಷ ಬೇಕಾಯಿತು, ಊಹಿಸಿದವನು ವೈದ್ಯನೂ ಅಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ವರ್ನರ್ ಕೂನ್ ಭೌತರಸಾಯನ ವಿಜ್ಞಾನಿ. ಎದುರುಬದುರಾಗಿ ಹರಿಯುವ ಎರಡು ಪ್ರವಾಹಗಳ ನಡುವಿನ ಸಣ್ಣ ವ್ಯತ್ಯಾಸವನ್ನು ಉದ್ದಕ್ಕೆ ಗುಣಿಸುತ್ತ ಹೋಗಬಹುದು ಎನ್ನುವುದು ಅವನ ಕಸುಬಿನಲ್ಲಿ ಗೊತ್ತಿದ್ದ ವಿಷಯ. ಕಿಡ್ನಿಯೂ ಇದನ್ನೇ ಮಾಡುತ್ತಿರಬಹುದು ಎಂದು 1942ರಲ್ಲಿ ಅವನು ರಿಫೆಲ್ ಜೊತೆ ಸೇರಿ ಬರೆದ. ಯುದ್ಧಕಾಲ, ಜರ್ಮನ್ ಭಾಷೆಯ ಲೇಖನ. ಹೆಚ್ಚು ಜನ ತಲೆ ಕೆಡಿಸಿಕೊಳ್ಳಲಿಲ್ಲ.

ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದದ್ದು 1951ರ ಪ್ರಯೋಗ. ಹೈನ್ರಿಕ್ ವಿರ್ಟ್ಸ್, ಹಾರ್ಗಿಟೈ ಮತ್ತು ಕೂನ್ ಇಲಿಯ ಕಿಡ್ನಿಯನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ, ಸೂಕ್ಷ್ಮದರ್ಶಕದಡಿ ಇಟ್ಟು ಮೆಲ್ಲಗೆ ಬೆಚ್ಚಗೆ ಮಾಡುತ್ತ ಹೋದರು. ಉಪ್ಪು ಹೆಚ್ಚಿದ್ದಲ್ಲಿ ಹಿಮದ ಹರಳು ಮೊದಲು ಕರಗುತ್ತದೆ, ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕಿಡ್ನಿಯ ಸೀಳಿನಲ್ಲಿ ಮೊದಲು ಕರಗಿದ್ದು ಒಳತುದಿ, ಆಮೇಲೆ ಅದರ ಮೇಲಿನ ಪಟ್ಟಿ, ಕೊನೆಗೆ ಹೊರಗಿನ ಕಾರ್ಟೆಕ್ಸ್. ಒಂದೇ ಮಟ್ಟದಲ್ಲಿದ್ದ ನಾಳಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಕರಗಿದವು. ಸಂಗ್ರಾಹಕ ನಾಳದೊಳಗಿನ ಮೂತ್ರ ಮಾತ್ರ ಸಾಂದ್ರವಾಗಿದ್ದು ಸುತ್ತಲಿನ ಭಾಗ ರಕ್ತದಂತೆಯೇ ಇರುತ್ತದೆ ಎನ್ನುತ್ತಿದ್ದವರ ವಾದ ಅಲ್ಲಿಗೆ ಬಿದ್ದುಹೋಗಬೇಕಿತ್ತು. ಬೀಳಲಿಲ್ಲ. ಕಿಡ್ನಿ ವಿಜ್ಞಾನದ ದೊಡ್ಡ ಹೆಸರು, ಅಮೆರಿಕದ ಹೋಮರ್ ಸ್ಮಿತ್ ವರ್ಷಗಳ ಕಾಲ ಒಪ್ಪಲಿಲ್ಲ. 1959ರಲ್ಲಿ ಗಾಟ್‌ಶಾಕ್ ಮತ್ತು ಮಿಲೆ ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಜೀವಂತ ಪ್ರಾಣಿಗಳ ಒಂದೊಂದು ನಾಳದಿಂದಲೇ ದ್ರವ ತೆಗೆದು ಅಳೆದರು. ಕುಣಿಕೆಯ ಬಾಗಿನಲ್ಲಿ ದ್ರವ ಗಟ್ಟಿ, ಕುಣಿಕೆಯಿಂದ ಹೊರಬಂದ ಕೂಡಲೇ ತಿಳಿ. ಆಮೇಲೆ ಹೆಚ್ಚು ತಕರಾರು ಉಳಿಯಲಿಲ್ಲ.

ಈ ಎರಡನೆಯ ಮಾತನ್ನು ಸರಿಯಾಗಿ ಗಮನಿಸಬೇಕು. ಮೂತ್ರವನ್ನು ಗಟ್ಟಿ ಮಾಡುವ ಕುಣಿಕೆಯಿಂದ ಹೊರಬೀಳುವ ದ್ರವ ರಕ್ತಕ್ಕಿಂತ ತಿಳಿಯಾಗಿರುತ್ತದೆ, 100ರಷ್ಟು. "ಹೆನ್ಲೆಯ ಕುಣಿಕೆಯಲ್ಲಿ ಮೂತ್ರ ಸಾಂದ್ರವಾಗುತ್ತದೆ" ಎಂದು ಬರೆದವರು ಅಂಕ ಕಳೆದುಕೊಳ್ಳುವುದು ಇಲ್ಲೇ. ಕುಣಿಕೆ ಮಾಡುವುದು ಸುತ್ತಲಿನ ಅಂತರಾಳವನ್ನು ಉಪ್ಪಾಗಿಸುವ ಕೆಲಸ. ಮೂತ್ರ ಗಟ್ಟಿಯಾಗುವುದು ಆ ಅಂತರಾಳದ ಮೂಲಕ ಇಳಿದುಹೋಗುವ ಸಂಗ್ರಾಹಕ ನಾಳದಲ್ಲಿ, ಅದೂ ವ್ಯಾಸೊಪ್ರೆಸಿನ್ ಹಾರ್ಮೋನು ಬಂದು ಆ ನಾಳದ ಗೋಡೆಯಲ್ಲಿ ನೀರಿನ ಬಾಗಿಲು ತೆರೆದಾಗ ಮಾತ್ರ.

100ರ ಸಾಂದ್ರತೆಯ 12 ಮಿಲಿಲೀಟರ್ ದ್ರವ ಕುಣಿಕೆಯಿಂದ ಬಂತು ಎಂದುಕೊಳ್ಳಿ. ಹಾರ್ಮೋನು ಇದ್ದರೆ ಕಾರ್ಟೆಕ್ಸಿನಲ್ಲೇ ಅದು 300ಕ್ಕೆ ಬರುತ್ತದೆ, ಅಂದರೆ 4 ಮಿಲಿಲೀಟರ್ ಉಳಿಯುತ್ತದೆ. ಅಲ್ಲಿಂದ ಮೆಡುಲಾದ ತುದಿಗೆ ಹೋಗುವಷ್ಟರಲ್ಲಿ 1200, ಉಳಿದದ್ದು 1 ಮಿಲಿಲೀಟರ್. ದಾರಿಯಲ್ಲಿ ಲವಣವೂ ಒಂದಿಷ್ಟು ವಾಪಸಾಗುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಹೆಚ್ಚಿನ ನೀರು ಮೆಡುಲಾ ಮುಟ್ಟುವ ಮೊದಲೇ ವಾಪಸಾಗಿದೆ ಎನ್ನುವುದನ್ನು ನೋಡಿ. ಅಷ್ಟೂ ನೀರು ಒಳಗೆ ಸುರಿದಿದ್ದರೆ ಕುಣಿಕೆ ಕಷ್ಟಪಟ್ಟು ಕೂಡಿಟ್ಟ ಉಪ್ಪು ತೊಳೆದುಹೋಗುತ್ತಿತ್ತು. ಹಾರ್ಮೋನು ಇಲ್ಲದಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ, ತಿಳಿ ದ್ರವ ಹಾಗೇ ಹೊರಗೆ ಹೋಗುತ್ತದೆ, ಮೂತ್ರ 50ರವರೆಗೂ ಇಳಿಯಬಹುದು.

ಉಪ್ಪು ತೊಳೆದುಹೋಗದಂತೆ ನೋಡಿಕೊಳ್ಳುವ ಇನ್ನೊಂದು ಏರ್ಪಾಡು ವಾಸಾ ರೆಕ್ಟಾ ಎಂಬ ರಕ್ತನಾಳಗಳದ್ದು. ಅವೂ ಕುಣಿಕೆಯ ಹಾಗೇ ಬಾಗಿ ಬರುತ್ತವೆ: ಇಳಿಯುವಾಗ ಉಪ್ಪು ತೆಗೆದುಕೊಂಡು, ಏರುವಾಗ ಹೆಚ್ಚಿನದನ್ನು ಅಲ್ಲೇ ಬಿಟ್ಟು ಹೋಗುತ್ತವೆ. ಅವುಗಳಲ್ಲಿ ಪಂಪು ಇಲ್ಲ, ಆದ್ದರಿಂದ ಅವು ಏನನ್ನೂ ಗುಣಿಸುವುದಿಲ್ಲ. ಕುಣಿಕೆ ಗುಣಕ, ವಾಸಾ ರೆಕ್ಟಾ ವಿನಿಮಯಕಾರಿ. ಇವೆರಡನ್ನು ಅದಲುಬದಲು ಮಾಡುವುದು ಉತ್ತರಪತ್ರಿಕೆಗಳಲ್ಲಿ ಸಾಮಾನ್ಯ.

ಪುಸ್ತಕಗಳು ಕೆಲವೊಮ್ಮೆ ಮುಚ್ಚಿಡುವ ಒಂದು ವಿಷಯವಿದೆ. ಆ ಬಲವಾದ ಪಂಪು ಇರುವುದು ಏರುನಾಳದ ದಪ್ಪ ಭಾಗದಲ್ಲಿ ಮಾತ್ರ. ಒಳ ಮೆಡುಲಾದ ತೆಳು ಭಾಗದಲ್ಲಿ ಅದಿಲ್ಲ. ಹಾಗಾಗಿ ನನ್ನ ಚಿತ್ರದ ಕೆಳಗಿನ ಸಾಲುಗಳಲ್ಲಿ 200 ಎಂದು ಬರೆದದ್ದು ಪರೀಕ್ಷೆಯ ಅನುಕೂಲಕ್ಕೆ. ತುದಿಯ 1200ರಲ್ಲಿ ಸುಮಾರು ಅರ್ಧ ಯೂರಿಯಾದ ಪಾಲು, ಅದು ಸಂಗ್ರಾಹಕ ನಾಳದಿಂದಲೇ ಹೊರಬಂದು ಅಂತರಾಳದಲ್ಲಿ ಕೂರುತ್ತದೆ. ಯೂರಿಯಾ ಬರುವುದು ಪ್ರೋಟೀನಿನಿಂದ. ಬೇಳೆ, ಮೊಟ್ಟೆ, ಹಾಲು ಕಾಣದೆ ಬರೀ ಅಂಬಲಿಯಲ್ಲಿ ದಿನ ತಳ್ಳುವ ಬಡವರ ಕಿಡ್ನಿ ಆರೋಗ್ಯವಾಗಿದ್ದರೂ 1200 ಮುಟ್ಟದೇ ಇರುವುದು ಇದೇ ಕಾರಣಕ್ಕೆ. ಇತ್ತ ಅದೇ ಕೂಡ್ಲಿಗಿ ಸೀಮೆಯಲ್ಲಿ ಮೇಯುವ ಕುರಿಯ ಮೂತ್ರ ನೀರು ಸಿಗದಾಗ 3000ದ ಆಸುಪಾಸಿಗೆ ಹೋಗಬಲ್ಲದು.

ಈ ವ್ಯವಸ್ಥೆ ಕೆಟ್ಟಿದೆ ಎಂದು ತಿಳಿಯಲು ದೊಡ್ಡ ಯಂತ್ರವೂ ಬೇಕಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿರುವ ಯೂರಿನೋಮೀಟರನ್ನು ಬೆಳಗಿನ ಮೊದಲ ಮೂತ್ರದಲ್ಲಿ ತೇಲಿಬಿಡಿ. ರಾತ್ರಿಯಿಡೀ ನೀರು ಕುಡಿಯದವರಲ್ಲಿ ಅದು 1.020 ದಾಟಬೇಕು, ಚೆನ್ನಾಗಿ ಗಟ್ಟಿಯಾಗಿದ್ದರೆ 1.030 ತೋರಿಸುತ್ತದೆ. ಕಿಡ್ನಿ ಬಹಳ ಹಾಳಾದವರಲ್ಲಿ ನೀರು ಕುಡಿದರೂ ಬಿಟ್ಟರೂ ಅದು 1.010ರಲ್ಲೇ ನಿಂತುಬಿಡುತ್ತದೆ, ಅಂದರೆ ಹತ್ತಿರ ಹತ್ತಿರ 300. ಅವರು ರಾತ್ರಿ ಪದೇ ಪದೇ ಏಳಬೇಕಾಗುವುದಕ್ಕೂ ಇದೊಂದು ಕಾರಣ. ಆಸ್ಪತ್ರೆಯಲ್ಲಿ ಕೊಡುವ ಲಾಸಿಕ್ಸ್ ಆ ದಪ್ಪ ಭಾಗದ ಪಂಪನ್ನೇ ಬೇಕೆಂದು ನಿಲ್ಲಿಸುತ್ತದೆ. ಸ್ವಲ್ಪ ಹೊತ್ತಿಗೆ ಅಂತರಾಳದ ಉಪ್ಪು ಕರಗಿ, ಮೂತ್ರ ಧಾರಾಳವಾಗಿ ಹೋಗತೊಡಗುತ್ತದೆ.

ಪರೀಕ್ಷೆಗೆ ಕೂರುವವರಿಗೆ ಒಂದು ಮಾತು: ಅಂಕಿ ತುಂಬುವ ಮೊದಲು ಬಾಣಗಳನ್ನು ಹಾಕಿ. ಇಳಿನಾಳದಿಂದ ನೀರು ಹೊರಗೆ, ಏರುನಾಳದಿಂದ ಉಪ್ಪು ಹೊರಗೆ, ಸಂಗ್ರಾಹಕ ನಾಳದಿಂದ ನೀರು ಹೊರಗೆ, ಅದರ ಪಕ್ಕ ಎಡಿಎಚ್ ಎಂದು ಬರೆಯಿರಿ. ಏರುನಾಳದಲ್ಲಿ ನೀರಿನ ಬಾಣ ಬಿತ್ತೆಂದರೆ ಉಳಿದ ಅಂಕಿಯೆಲ್ಲ ಸರಿಯಿದ್ದರೂ ಚಿತ್ರ ತಪ್ಪು.