ತುಟಿ ಮುಂದೆ, ಮಾತು ಹಿಂದೆ

ತಾಳಮದ್ದಳೆಯ ವಿಡಿಯೊಗೆ ಪ್ರತ್ಯೇಕ ರೆಕಾರ್ಡರಿನ ಧ್ವನಿ ಸೇರಿಸಿದಾಗ ಮೊದಲ ಹತ್ತು ನಿಮಿಷ ಎಲ್ಲವೂ ಸರಿಯಿರುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಅರ್ಥಧಾರಿಯ ತುಟಿ ಮುಂದೆ, ಮಾತು ಹಿಂದೆ. ಕ್ಯಾಮೆರಾ, ರೆಕಾರ್ಡರ್ ಎರಡೂ ಸೆಕೆಂಡಿಗೆ 48,000 ಮಾದರಿ ಎಂದೇ ಹೇಳಿಕೊಂಡರೂ ಅವುಗಳೊಳಗಿನ ಸ್ಫಟಿಕ ಗಡಿಯಾರಗಳು ಕೂದಲೆಳೆಯಷ್ಟು ಬೇರೆ ವೇಗದಲ್ಲಿ ಓಡುತ್ತವೆ. ಹಾಗಾಗಿ ಧ್ವನಿಯನ್ನು ಹಿಂದೆ ಮುಂದೆ ಸರಿಸಿ ಪ್ರಯೋಜನವಿಲ್ಲ. ಅದರ ಉದ್ದವನ್ನೇ ತಿದ್ದಬೇಕು.

ಇದಕ್ಕೆ ಚಿತ್ರೀಕರಣದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಕ್ಯಾಮೆರಾದೆದುರು ಚಪ್ಪಾಳೆ ತಟ್ಟಿ. ಕೊನೆಯದನ್ನೇ ಜನ ಮರೆಯುವುದು, ಬೆಲೆಬಾಳುವುದೂ ಅದೇ. ಎರಡು ಚಪ್ಪಾಳೆಗಳ ನಡುವೆ ಕ್ಯಾಮೆರಾದ ಧ್ವನಿಯಲ್ಲಿ 3600 ಸೆಕೆಂಡ್, ರೆಕಾರ್ಡರಿನಲ್ಲಿ 3600.18 ಇದೆ ಎನ್ನೋಣ. 25 ಫ್ರೇಮಿನ ವಿಡಿಯೊದಲ್ಲಿ ಇದು ನಾಲ್ಕೂವರೆ ಫ್ರೇಮಿನ ತಪ್ಪು, ಕಣ್ಣಿಗೆ ಹೊಡೆಯುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.00005. ಧ್ವನಿಯನ್ನು ಅಷ್ಟು ವೇಗಗೊಳಿಸಿದರೆ ಸಾಕು. ಉಚಿತವಾಗಿ ಸಿಗುವ ಸಾಕ್ಸ್ ತಂತ್ರಾಂಶದಲ್ಲಿ ಹೀಗೆ:

```
sox rec.wav fixed.wav speed 1.00005
```

ಶ್ರುತಿಯಲ್ಲಾಗುವ ಬದಲಾವಣೆ ಯಾವ ಕಿವಿಗೂ ತಿಳಿಯದು. ಕೆಲವು ಎಡಿಟಿಂಗ್ ತಂತ್ರಾಂಶಗಳು ವೇಗದ ಶೇಕಡಾವಾರಿನಲ್ಲಿ ಎರಡೇ ದಶಮಾಂಶ ಸ್ಥಾನ ಒಪ್ಪುತ್ತವೆ. ಇಲ್ಲಿ ಬೇಕಾದ 100.005 ಅಲ್ಲಿ ಕೂರುವುದಿಲ್ಲ. ಆಗ ಮೌನವಿರುವಲ್ಲಿ ಧ್ವನಿ ಕತ್ತರಿಸಿ, ತುಂಡುತುಂಡಾಗಿ ಹೊಂದಿಸಬೇಕು.

ತಿದ್ದಿದ ಮೇಲೆ ನಡುಭಾಗವನ್ನೂ ನೋಡಿ. ಎರಡು ತುದಿ ಕೂಡಿಯೂ ನಡುವೆ ತಪ್ಪಿದರೆ ದೋಷ ಬೇರೆಯೇ. ಮೊಬೈಲ್ ವಿಡಿಯೊಗಳಲ್ಲಿ ಫ್ರೇಮುಗಳ ವೇಗ ಆಗಾಗ ಏರಿಳಿಯುತ್ತದೆ. ಅಂಥದ್ದನ್ನು ಮೊದಲು ಸ್ಥಿರ ಫ್ರೇಮ್ ದರಕ್ಕೆ ಪರಿವರ್ತಿಸಿ, ಆಮೇಲೆ ಅಳೆಯಬೇಕು.