ಇಪಿಎಸ್ ಏರಿತು, ಹಳೆಯ ಷೇರುದಾರನಿಗೆ ಸಿಕ್ಕಿದ್ದೇನು?

ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ಐಎನ್‌ಜಿ ವೈಶ್ಯ ಬ್ಯಾಂಕ್ 2015ರ ಏಪ್ರಿಲ್ 1ರಂದು ಕೋಟಕ್ ಮಹೀಂದ್ರ ಬ್ಯಾಂಕಿನಲ್ಲಿ ವಿಲೀನವಾಯಿತು. ಕೋಟಕ್ ಇದಕ್ಕೆ ನಗದು ಕೊಡಲಿಲ್ಲ. ವೈಶ್ಯದ 1,000 ಷೇರು ಇದ್ದವರಿಗೆ ತನ್ನ 725 ಹೊಸ ಷೇರು ಕೊಟ್ಟಿತು. ಹೀಗೆ ಹೊಸ ಷೇರು ಹುಟ್ಟಿದಾಗ ಕೊಂಡ ಕಂಪನಿಯ ಲಾಭವೂ ಬೆಳೆಯುತ್ತದೆ, ಆ ಲಾಭ ಹಂಚಿಕೊಳ್ಳುವವರೂ ಹೆಚ್ಚುತ್ತಾರೆ. ಇವೆರಡರಲ್ಲಿ ಯಾವುದು ಹೆಚ್ಚು ಬೆಳೆಯಿತು ಎಂಬುದನ್ನು ಇಪಿಎಸ್, ಅಂದರೆ ಪ್ರತಿ ಷೇರಿನ ಗಳಿಕೆ, ಹೇಳುತ್ತದೆ. ಅದು ಏರಿದರೆ ಅಕ್ರೀಷನ್, ಇಳಿದರೆ ಡೈಲ್ಯೂಷನ್.

ಲೆಕ್ಕ ಮಾಡಿಯೇ ನೋಡೋಣ. ಕೊಳ್ಳುವ ಕಂಪನಿಯ ವಾರ್ಷಿಕ ನಿವ್ವಳ ಲಾಭ 100 ಕೋಟಿ ರೂಪಾಯಿ, ಷೇರುಗಳು 10 ಕೋಟಿ ಎಂದುಕೊಳ್ಳಿ. ಇಪಿಎಸ್ 10 ರೂಪಾಯಿ. ಷೇರಿನ ಬೆಲೆ 250 ರೂಪಾಯಿ ಆಗಿದ್ದರೆ, ಒಂದು ರೂಪಾಯಿ ಲಾಭಕ್ಕೆ ಪೇಟೆ 25 ರೂಪಾಯಿ ಕೊಡುತ್ತಿದೆ ಎಂದಾಯಿತು. ಇದೇ ಪಿ/ಇ ಅನುಪಾತ. ಮಾರಾಟವಾಗುವ ಕಂಪನಿಯ ಲಾಭ 30 ಕೋಟಿ, ಷೇರುಗಳು 5 ಕೋಟಿ, ಬೆಲೆ 60 ರೂಪಾಯಿ. ಇಪಿಎಸ್ 6 ರೂಪಾಯಿ, ಪಿ/ಇ 10.

ಪೇಟೆಯ ಬೆಲೆಗೇ ಯಾರೂ ಕಂಪನಿ ಬಿಟ್ಟುಕೊಡುವುದಿಲ್ಲ. ಆದ್ದರಿಂದ 60ರ ಷೇರಿಗೆ 75 ರೂಪಾಯಿ ಕೊಡಲು ಒಪ್ಪಂದವಾಗುತ್ತದೆ. ಒಟ್ಟು 375 ಕೋಟಿ. ಅದನ್ನು 250 ರೂಪಾಯಿಯ ಷೇರುಗಳಲ್ಲಿ ತೀರಿಸಲು ಒಂದೂವರೆ ಕೋಟಿ ಹೊಸ ಷೇರು ಬೇಕು, ಅಂದರೆ 10 ಷೇರಿಗೆ 3. ಈಗ ಒಟ್ಟು ಲಾಭ 130 ಕೋಟಿ, ಷೇರು 11.5 ಕೋಟಿ, ಇಪಿಎಸ್ 11.30. ಶೇ 13ರಷ್ಟು ಏರಿಕೆ.

ಈ ಏರಿಕೆಗೆ ಯಾರೂ ಒಂದು ಹೊಸ ಗ್ರಾಹಕನನ್ನೂ ತರಲಿಲ್ಲ, ಒಂದು ರೂಪಾಯಿ ಖರ್ಚನ್ನೂ ಉಳಿಸಲಿಲ್ಲ. ತನ್ನ ಲಾಭಕ್ಕೆ ಪೇಟೆ 25 ಪಟ್ಟು ಬೆಲೆ ಕಟ್ಟಿದಾಗ, ಇನ್ನೊಬ್ಬರ ಲಾಭವನ್ನು 12.5 ಪಟ್ಟಿಗೆ ಕೊಂಡಿದ್ದೇ ಕಾರಣ. ಕೊಡುವ ಬೆಲೆಯ ಪಿ/ಇ ತನ್ನ ಪಿ/ಇಗಿಂತ ಕಡಿಮೆ ಇದ್ದರೆ ಇಪಿಎಸ್ ಏರಲೇಬೇಕು, ಹೆಚ್ಚಿದ್ದರೆ ಇಳಿಯಲೇಬೇಕು.

ಹಾಗಾದರೆ ಹಳೆಯ ಷೇರುದಾರ ಗೆದ್ದನೇ? ವಿಲೀನಕ್ಕೆ ಮೊದಲು ಎರಡೂ ಕಂಪನಿಗಳ ಪೇಟೆ ಮೌಲ್ಯ 2,500 ಮತ್ತು 300, ಒಟ್ಟು 2,800 ಕೋಟಿ. ವಿಲೀನದಿಂದ ಬೇರೇನೂ ಸುಧಾರಿಸದಿದ್ದರೆ ಅದು ಅಷ್ಟೇ ಉಳಿಯುತ್ತದೆ. 11.5 ಕೋಟಿ ಷೇರಿಗೆ ಹಂಚಿದರೆ ಒಂದಕ್ಕೆ ಸುಮಾರು 243.50 ರೂಪಾಯಿ. ಇಪಿಎಸ್ ಶೇ 13 ಏರಿದರೂ 250ರ ಷೇರು ಆರೂವರೆ ರೂಪಾಯಿ ಕಳೆದುಕೊಂಡಿತು. ಹಳೆಯ 10 ಕೋಟಿ ಷೇರುಗಳಿಂದ ಸುಮಾರು 65 ಕೋಟಿ ರೂಪಾಯಿ ಮಾರಿದವರ ಕೈಗೆ ದಾಟಿತು. ಆಡಳಿತ ಮಂಡಳಿಯ ಪ್ರಕಟಣೆಯಲ್ಲಿ ಮೊದಲ ಸಾಲಿಗೇ ಬರುವ ಅಕ್ರೀಷನ್ ಈ ನಷ್ಟವನ್ನು ಮುಚ್ಚಿಬಿಡುತ್ತದೆ ಎಂಬುದೇ ನನ್ನ ತಕರಾರು.

ಡೈಲ್ಯೂಷನ್ ಆದರೆ ವ್ಯವಹಾರ ಕೆಟ್ಟದ್ದು ಎನ್ನುವುದೂ ಅಷ್ಟೇ ತಪ್ಪು. ಅದೇ 30 ಕೋಟಿ ಲಾಭದ ಕಂಪನಿ ವೇಗವಾಗಿ ಬೆಳೆಯುತ್ತಿದ್ದು, ಅದಕ್ಕೆ 40 ಪಟ್ಟು ಅಂದರೆ 1,200 ಕೋಟಿ ಕೊಡಬೇಕಾಯಿತು ಎನ್ನಿ. ಹೊಸ ಷೇರು 4.8 ಕೋಟಿ, ಇಪಿಎಸ್ 8.78ಕ್ಕೆ ಇಳಿಯುತ್ತದೆ. ಮತ್ತೆ 10 ರೂಪಾಯಿ ಮುಟ್ಟಲು 14.8 ಕೋಟಿ ಷೇರಿಗೆ 148 ಕೋಟಿ ಲಾಭ ಬೇಕು. ಕೊರತೆ 18 ಕೋಟಿ. ತೆರಿಗೆ ಶೇ 25 ಎಂದಾದರೆ, ತೆರಿಗೆಗೆ ಮುನ್ನ 24 ಕೋಟಿ ಉಳಿತಾಯವೋ ಹೊಸ ಆದಾಯವೋ ಬರಬೇಕು. ಇಷ್ಟು ಹಣ ಯಾವ ಶಾಖೆ ಮುಚ್ಚಿ, ಯಾವ ಖರ್ಚು ಕಡಿದು, ಯಾವ ವರ್ಷದೊಳಗೆ ಬರುತ್ತದೆ ಎಂದು ಕಂಪನಿ ಹೇಳಬಲ್ಲದಾದರೆ ಆ ಡೈಲ್ಯೂಷನ್ ತಾತ್ಕಾಲಿಕ. ಹೇಳದಿದ್ದರೆ ಅನುಮಾನಿಸಬೇಕು.

ಕಾಗದದ ಮೇಲಿನ ಲೆಕ್ಕಕ್ಕೆ ವಿಲೀನದ ಖರ್ಚು ಸಾಮಾನ್ಯವಾಗಿ ಸೇರಿರುವುದಿಲ್ಲ. ಕೋಟಕ್–ವೈಶ್ಯ ವಿಲೀನದ ನಂತರದ ಮೊದಲ ತ್ರೈಮಾಸಿಕದಲ್ಲಿ ಏಕೀಕರಣದ ವೆಚ್ಚ, ನೌಕರರ ನಿವೃತ್ತಿ ಸೌಲಭ್ಯ ಮತ್ತು ಕೆಟ್ಟ ಸಾಲಗಳಿಗಾಗಿ ಎತ್ತಿಟ್ಟ ಹಣದಿಂದ ಬ್ಯಾಂಕಿನ ಲಾಭ ತೀವ್ರವಾಗಿ ಕುಸಿದಿತ್ತು. ‘ಒಂದು ಬಾರಿಯ ವೆಚ್ಚ ಬಿಟ್ಟು’ ಎಂದು ಇಪಿಎಸ್ ಅಂದಾಜು ಕೊಟ್ಟಿದ್ದರೆ, ಆ ಬಿಟ್ಟ ವೆಚ್ಚ ಎಷ್ಟು ಎಂದು ಹುಡುಕಿ.

ವಿಲೀನದ ಯೋಜನೆಗೆ ಷೇರುದಾರರ ಒಪ್ಪಿಗೆ ಬೇಕು. ಕಂಪನಿ ಕಾಯ್ದೆಯ ಪ್ರಕಾರ ಮತ ಹಾಕಿದವರಲ್ಲಿ ಮೌಲ್ಯದ ಲೆಕ್ಕದಲ್ಲಿ ನಾಲ್ಕರಲ್ಲಿ ಮೂರು ಪಾಲು ಪರವಾಗಿರಬೇಕು. ವಿನಿಮಯ ಅನುಪಾತ, ಎರಡೂ ಕಂಪನಿಗಳ ಲಾಭ ಮತ್ತು ಷೇರುಗಳ ಸಂಖ್ಯೆ ನಿಮಗೆ ಬರುವ ನೋಟಿಸಿನಲ್ಲೋ ವಾರ್ಷಿಕ ವರದಿಯಲ್ಲೋ ಸಿಗುತ್ತವೆ. ಮೇಲಿನ ಲೆಕ್ಕ ಒಮ್ಮೆ ಮಾಡಿ, ಆಮೇಲೆ ಇ–ವೋಟಿಂಗ್‌ನಲ್ಲಿ ಮತ ಹಾಕಿ.