ಕಡ್ಡಿಯ ಒಳಮೈಯ ಮೂರು ಅಂಕಿ

ಕನ್ನಡಕದ ಕಡ್ಡಿಯ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿದರೆ 52□18 140 ಎಂಬಂಥ ಸಣ್ಣ ಅಚ್ಚು ಕಾಣುತ್ತದೆ. ಆನ್‌ಲೈನಿನಲ್ಲಿ ಫ್ರೇಮ್ ಮಾರುವವರು ಇದನ್ನೇ ಬಿಡಿಸಿ ಬರೆದಿರುತ್ತಾರೆ: ಒಂದು ಗಾಜಿನ ಅಗಲ 52 ಮಿಲಿಮೀಟರ್, ಮೂಗಿನ ಮೇಲೆ ಕೂರುವ ಬ್ರಿಡ್ಜ್ 18, ಕಿವಿಯ ಹಿಂದಿನ ಬಾಗೂ ಸೇರಿ ಕಡ್ಡಿಯ ಉದ್ದ 140. ನಡುವಿನ ಚೌಕ ಅಲಂಕಾರಕ್ಕಲ್ಲ. ಗಾಜಿನ ಆಕಾರ ಏನೇ ಇರಲಿ, ಅದರ ಸುತ್ತ ಆಯತವೊಂದನ್ನು ಎಳೆದು ಅಳೆದಿದ್ದೇವೆ ಎಂಬುದರ ಗುರುತು ಅದು.

ಸಣ್ಣ ಪವರ್ ಇರುವವರಿಗೆ ಈ ಅಂಕಿಗಳಿಂದ ಆಗುವ ಕೆಲಸ ಇಷ್ಟೇ: ಈಗ ಒಗ್ಗಿರುವ ಕನ್ನಡಕದ ಅಳತೆ ನೋಡಿ, ಅದಕ್ಕೆ ಹತ್ತಿರದ್ದನ್ನು ಆರಿಸುವುದು. ಮೈನಸ್ 4, ಮೈನಸ್ 6 ಇರುವವರ ಲೆಕ್ಕ ಬೇರೆ. ಅವರು ಮೊದಲೆರಡು ಅಂಕಿಗಳನ್ನು ಕೂಡಿಸಿ ನೋಡಬೇಕು. ಆ ಮೊತ್ತ, ಎಡ ಗಾಜಿನ ನಡುಬಿಂದುವಿನಿಂದ ಬಲ ಗಾಜಿನ ನಡುಬಿಂದುವಿಗೆ ಇರುವ ದೂರ. ಅದನ್ನು ಹೋಲಿಸಬೇಕಾದದ್ದು ಎರಡು ಕಣ್ಣುಪಾಪೆಗಳ ನಡುವಿನ ದೂರದ ಜೊತೆ. ಅಂಗಡಿಯವರು ಇದಕ್ಕೆ ಪಿ.ಡಿ. ಎನ್ನುತ್ತಾರೆ. ಕಣ್ಣು ಪರೀಕ್ಷೆಯ ಚೀಟಿಯಲ್ಲಿ ಇದನ್ನು ಎಷ್ಟೋ ಸಲ ಬರೆದಿರುವುದೇ ಇಲ್ಲ, ಕೇಳಿ ಬರೆಸಿಕೊಳ್ಳಬೇಕು.

ಒಬ್ಬರಿಗೆ ಮೈನಸ್ 6 ಪವರ್, ಪಿ.ಡಿ. 62 ಎಂದಿಟ್ಟುಕೊಳ್ಳೋಣ. ಅವರಿಗೆ ಇಷ್ಟವಾದ ದೊಡ್ಡ ಫ್ರೇಮ್ 56□18. ಮೊತ್ತ 74, ಅಂದರೆ ಪಿ.ಡಿ.ಗಿಂತ 12 ಹೆಚ್ಚು. ಹಾಗಾಗಿ ಪ್ರತಿ ಗಾಜಿನಲ್ಲೂ ಪವರಿನ ಕೇಂದ್ರವನ್ನು ಮೂಗಿನ ಕಡೆಗೆ 6 ಮಿ.ಮೀ. ಸರಿಸಿಯೇ ಗಾಜು ಕತ್ತರಿಸಬೇಕು. ಮೈನಸ್ ಗಾಜು ಕೇಂದ್ರದಲ್ಲಿ ತೆಳು, ದೂರ ಹೋದಷ್ಟೂ ದಪ್ಪ. ಇಲ್ಲಿ ಕೇಂದ್ರದಿಂದ ಹೊರ ಅಂಚಿಗೆ 34 ಮಿ.ಮೀ. ಸಾಮಾನ್ಯ ಪ್ಲಾಸ್ಟಿಕ್ ಗಾಜಿನಲ್ಲಿ ನಡುವೆ 2 ಮಿ.ಮೀ. ದಪ್ಪ ಬಿಟ್ಟರೆ, ಆ ಅಂಚು ಸುಮಾರು 9 ಮಿ.ಮೀ. ಆಗುತ್ತದೆ.

ಅದೇ ವ್ಯಕ್ತಿ 48□18 ಫ್ರೇಮ್ ಆರಿಸಿದರೆ ಮೊತ್ತ 66, ಸರಿಸಬೇಕಾದದ್ದು 2 ಮಿ.ಮೀ. ಮಾತ್ರ. ಹೊರ ಅಂಚು ಸುಮಾರು 6ಕ್ಕೆ ಇಳಿಯುತ್ತದೆ. ದೊಡ್ಡ ಫ್ರೇಮಿಗೇ 1.67 ಇಂಡೆಕ್ಸಿನ ದುಬಾರಿ ‘ತೆಳು’ ಗಾಜು ಹಾಕಿಸಿದರೂ ಅಂಚು 7ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಣ್ಣ ಫ್ರೇಮಿನಲ್ಲಿ ಅಗ್ಗದ ಗಾಜೇ ಅದಕ್ಕಿಂತ ತೆಳು! ಇದನ್ನು ಗಿರಾಕಿಗೆ ಮೊದಲೇ ಹೇಳುವ ಅಂಗಡಿಯವರು ಸಿಕ್ಕರೆ ಅವರನ್ನು ಬಿಡಬೇಡಿ.

ಕೇಂದ್ರವನ್ನು ಸರಿಸದೆ ಗಾಜು ಕೂರಿಸಿದರೆ ತೊಂದರೆ ಬರೀ ದಪ್ಪದ್ದಲ್ಲ. ಕಣ್ಣು ಕೇಂದ್ರವನ್ನು ಬಿಟ್ಟು ಪಕ್ಕದಲ್ಲಿ ನೋಡುವುದರಿಂದ ಗಾಜು ಪ್ರಿಸಂನಂತೆ ಬೆಳಕನ್ನು ಬಾಗಿಸುತ್ತದೆ, ಕಣ್ಣುಗಳು ಅದಕ್ಕೆ ಹೊಂದಿಕೊಳ್ಳಲು ಹೆಣಗಬೇಕಾಗುತ್ತದೆ. ಪವರ್ ಸರಿಯಿದ್ದೂ ಹೊಸ ಕನ್ನಡಕದಿಂದ ತಲೆ ನೋಯುತ್ತಿದ್ದರೆ ಲೆನ್ಸೋಮೀಟರಿನಲ್ಲಿ ಎರಡೂ ಕೇಂದ್ರಗಳಿಗೆ ಚುಕ್ಕೆ ಇಡಿಸಿ, ನಡುವಿನ ದೂರ ಅಳೆಸಿ. ಕೆಲವೇ ನಿಮಿಷದ ಕೆಲಸ.

ಬ್ರಿಡ್ಜಿನ ಅಂಕಿಯನ್ನು ಎಷ್ಟು ನಂಬಬೇಕು ಎಂಬುದನ್ನು ಫ್ರೇಮ್ ಯಾವುದರಿಂದ ಆಗಿದೆ ಎಂಬುದು ಹೇಳುತ್ತದೆ. ಲೋಹದ ಫ್ರೇಮಿಗೆ ಸಾಮಾನ್ಯವಾಗಿ ಮೂಗಿನ ಪ್ಯಾಡ್ ಇರುವುದರಿಂದ ಒಂದೆರಡು ಮಿ.ಮೀ. ಹೆಚ್ಚುಕಡಿಮೆಯಾದರೂ ಬಗ್ಗಿಸಿ ಸರಿಮಾಡಬಹುದು. ಅಸಿಟೇಟ್ ಫ್ರೇಮಿನ ಬ್ರಿಡ್ಜ್ ಹೆಚ್ಚಾಗಿ ಅಚ್ಚಾದಂತೆಯೇ ಇರುತ್ತದೆ. ಅಗಲವಾದರೆ ಕನ್ನಡಕ ಮೂಗಿನಿಂದ ಜಾರುತ್ತಲೇ ಇರುತ್ತದೆ. ಆದರೆ ಅದರ ಕಡ್ಡಿಯನ್ನು ಬಿಸಿ ಮಾಡಿ ಬಾಗನ್ನು ಹಿಂದೆ ಮುಂದೆ ತರಬಹುದು. ಹಗುರ, ಬಳುಕು ಎಂದು ಮಾರುವ ಟಿಆರ್ 90 ಬಿಸಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಹಾಗಾಗಿ ಅದರಲ್ಲಿ ಕಡ್ಡಿಯ ಉದ್ದವನ್ನು ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಲೋಹ ತಾಗಿದ ಕಡೆ ಚರ್ಮ ಕೆಂಪಾಗಿ ತುರಿಸುವವರು ನಿಕಲ್ ಇರುವ ಮಿಶ್ರಲೋಹವನ್ನು ಬಿಟ್ಟು ಟೈಟಾನಿಯಂ ನೋಡಬಹುದು.

ಇನ್ನು ‘ಪವರ್ ಗಾಜು ಹಾಕಿಸಬಹುದು’ ಎಂಬ ಸಾಲು. ಗಾಜನ್ನು ತೆಗೆದು ಬೇರೆಯದನ್ನು ಕೂರಿಸಲು ಫ್ರೇಮಿನಲ್ಲಿ ಜಾಗ ಇದೆ ಎಂಬುದಷ್ಟೇ ಅದರರ್ಥ. ನಿಮ್ಮ ಪವರ್ ಎಷ್ಟೆಂದು ಅದನ್ನು ಬರೆದವರಿಗೆ ಗೊತ್ತಿಲ್ಲ. ಕೆಳಗೆ ನೈಲಾನ್ ದಾರ ಹಿಡಿದಿರುವ ಸುಪ್ರಾ ಫ್ರೇಮಿಗೆ ಗಾಜಿನ ಅಂಚಿನಲ್ಲಿ ಗಾಡಿ ಕೊರೆಯಬೇಕು, ಅದಕ್ಕೆ ಅಂಚು ಸುಮಾರು 2 ಮಿ.ಮೀ. ದಪ್ಪವಾದರೂ ಇರಬೇಕು. ಮೈನಸ್ ಗಾಜಿಗೆ ಅದು ಕಷ್ಟವಲ್ಲ. ಪ್ಲಸ್ ಗಾಜಿನ ಅಂಚು ತೆಳುವಾದ್ದರಿಂದ ಅದನ್ನು ಬೇಕೆಂದೇ ದಪ್ಪವಾಗಿ ಮಾಡಿಸಬೇಕಾಗುತ್ತದೆ, ಆಗ ನಡುಭಾಗ ಇನ್ನೂ ಉಬ್ಬುತ್ತದೆ. ಮುಖವನ್ನು ಬಳಸಿ ಬಾಗಿರುವ ಆಟದ ತಂಪು ಕನ್ನಡಕಗಳಲ್ಲಿ ಹೆಚ್ಚು ಪವರಿನ ಗಾಜು ಕೂತರೂ ಬದಿಯ ನೋಟ ಸೊಟ್ಟಗಾಗುತ್ತದೆ. ಪ್ರೋಗ್ರೆಸಿವ್ ಗಾಜು ಬೇಕಾದವರು ಗಾಜಿನ ಎತ್ತರವನ್ನೂ ಕೇಳಬೇಕು. ಅದು ಕಡ್ಡಿಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ, ಮತ್ತು 28–30 ಮಿ.ಮೀ.ಗಿಂತ ಕಡಿಮೆಯಾದರೆ ಓದುವ ಭಾಗವೇ ಕತ್ತರಿಸಿಹೋಗುವ ಸಾಧ್ಯತೆ ಇದೆ.